ಡೇಟಾ ಜಾಸ್ತಿ ಮಾಡಬೇಕಾ, ದೊಡ್ಡ ಮಾಡೆಲ್ ಹಾಕಬೇಕಾ? ಲರ್ನಿಂಗ್ ಕರ್ವ್ ಓದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಡೆಲ್ ಸಾಕಷ್ಟು ಚೆನ್ನಾಗಿ ಬರಲಿಲ್ಲ ಅಂದ ಕೂಡಲೇ ತಂಡ ಎರಡು ಪಾಲಾಗುತ್ತದೆ. ಒಬ್ಬರು ಡೇಟಾ ಸಾಲದು ಅನ್ನುತ್ತಾರೆ, ಇನ್ನೊಬ್ಬರು ಮಾಡೆಲ್ಲೇ ಚಿಕ್ಕದು ಅನ್ನುತ್ತಾರೆ. ಇಬ್ಬರೂ ಅಂದಾಜಿನ ಮೇಲೆ ಮಾತಾಡುತ್ತಿರುತ್ತಾರೆ. ಒಂದು ಗ್ರಾಫ್ ಹಾಕಿದರೆ ಈ ಜಗಳ ಬಹುಮಟ್ಟಿಗೆ ಮುಗಿಯುತ್ತದೆ, ಆದರೆ ಅದನ್ನು ಸರಿಯಾಗಿ ಓದಬೇಕು. ಇಲ್ಲಿ ಪೂರ್ತಿ ಒಂದೇ ಉದಾಹರಣೆ ಇಟ್ಟುಕೊಂಡು ಹೋಗುತ್ತೇನೆ. ಅದರ ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟವು, ಯಾವ ಪ್ರಾಜೆಕ್ಟಿನವೂ ಅಲ್ಲ.

## ಲರ್ನಿಂಗ್ ಕರ್ವ್ ಅಂದರೆ ಯಾವ ಗ್ರಾಫ್? ಇಪಾಕ್ ಮೇಲೆ ಲಾಸ್ ತೋರಿಸುತ್ತದಲ್ಲ, ಅದೇನಾ?

ಅಲ್ಲ. ಅದನ್ನೂ ಇದೇ ಹೆಸರಿನಿಂದ ಕರೆಯುವವರಿದ್ದಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಇಪಾಕ್ ಗ್ರಾಫಿನಲ್ಲಿ ಡೇಟಾ ಅಷ್ಟೇ ಇರುತ್ತದೆ, ತರಬೇತಿ ಎಷ್ಟು ಹೊತ್ತು ನಡೆಯಿತು ಅನ್ನುವುದು ಮಾತ್ರ ಬದಲಾಗುತ್ತದೆ. ತರಬೇತಿಯನ್ನು ಯಾವಾಗ ನಿಲ್ಲಿಸಬೇಕು ಅನ್ನುವುದಕ್ಕೆ ಅದು ಒಳ್ಳೆಯದು. ಇನ್ನೂ ಹತ್ತು ಸಾವಿರ ಉದಾಹರಣೆ ತಂದರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ.

ನಮಗೆ ಬೇಕಾದ ಗ್ರಾಫಿನಲ್ಲಿ ಅಡ್ಡ ಸಾಲಿನಲ್ಲಿ ಇರುವುದು ತರಬೇತಿಗೆ ಕೊಟ್ಟ ಉದಾಹರಣೆಗಳ ಸಂಖ್ಯೆ. 500 ಕೊಟ್ಟು ಮಾಡೆಲ್ ಅನ್ನು ಮೊದಲಿಂದ ತರಬೇತಿ ಮಾಡಿ, ಎರಡು ಎರರ್ ಅಳೆಯಿರಿ: ಆ 500ರ ಮೇಲೇ ಬಂದ ಟ್ರೇನಿಂಗ್ ಎರರ್, ಮತ್ತು ಅದು ನೋಡಿರದ ಡೇಟಾದ ಮೇಲೆ ಬಂದ ವ್ಯಾಲಿಡೇಶನ್ ಎರರ್. ಆಮೇಲೆ 1000 ಕೊಟ್ಟು ಮತ್ತೆ ಮೊದಲಿಂದ. ಹೀಗೆ ಪ್ರತಿ ಸಲ ಇಮ್ಮಡಿ ಮಾಡುತ್ತಾ ಹೋಗಿ. ಇಮ್ಮಡಿಯೇ ಯಾಕೆ ಅಂದರೆ, ಡೇಟಾದಿಂದ ಬರುವ ಲಾಭ ಇಮ್ಮಡಿ ಲೆಕ್ಕದಲ್ಲೇ ನಡೆಯುತ್ತದೆ. 500ರಿಂದ 1000ಕ್ಕೆ ಹೋದಾಗ ಸಿಗುವಷ್ಟು ಲಾಭ 7500ರಿಂದ 8000ಕ್ಕೆ ಹೋದಾಗ ಸಿಗುವುದಿಲ್ಲ. ಅಡ್ಡ ಸಾಲನ್ನು ಲಾಗ್ ಅಳತೆಯಲ್ಲಿ ಹಾಕದಿದ್ದರೆ ಎಲ್ಲ ಕರ್ವೂ ಬಲಗಡೆ ಚಪ್ಪಟೆಯಾಗಿ ಕಾಣುತ್ತದೆ, ಆಗ ನೋಡಿದವರೆಲ್ಲ "ಇನ್ನು ಡೇಟಾ ಬೇಡ" ಅಂದುಬಿಡುತ್ತಾರೆ.

## ಡೇಟಾ ಹೆಚ್ಚಾದಂತೆ ಟ್ರೇನಿಂಗ್ ಎರರ್ ಏರುತ್ತಿದೆ. ಏನಾದರೂ ಕೆಟ್ಟಿದೆಯಾ?

ಇಲ್ಲ, ಅದು ಏರಲೇಬೇಕು. 50 ಉದಾಹರಣೆಗಳನ್ನು ಎಂಥ ಮಾಡೆಲ್ ಆದರೂ ಹೆಚ್ಚುಕಡಿಮೆ ಬಾಯಿಪಾಠ ಮಾಡಿಬಿಡುತ್ತದೆ. ಐದು ಸಾವಿರ ಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ಸಮಾಧಾನ ಮಾಡಲು ಆಗುವುದಿಲ್ಲ, ಕೆಲವು ತಪ್ಪುತ್ತವೆ. ವ್ಯಾಲಿಡೇಶನ್ ಎರರ್ ಅದೇ ಹೊತ್ತಿಗೆ ಇಳಿಯುತ್ತಿರುತ್ತದೆ. ಒಂದು ಕೆಳಗಿನಿಂದ ಏರುತ್ತದೆ, ಇನ್ನೊಂದು ಮೇಲಿನಿಂದ ಇಳಿಯುತ್ತದೆ, ಎರಡೂ ಒಂದೇ ಮಟ್ಟದ ಕಡೆಗೆ ಹೋಗುತ್ತಿರುತ್ತವೆ. ಆ ಮಟ್ಟವೇ ಆ ಮಾಡೆಲ್ಲಿನ ಮಿತಿ. ಅನಂತ ಡೇಟಾ ಕೊಟ್ಟರೂ ಅದಕ್ಕಿಂತ ಕೆಳಗೆ ಹೋಗುವ ತಾಕತ್ತು ಅದಕ್ಕಿಲ್ಲ.

ಅಂದರೆ ಮಿತಿ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೂ ಅದು ಎರಡು ಗೆರೆಗಳ ನಡುವೆ ಎಲ್ಲೋ ಸಿಕ್ಕಿಕೊಂಡಿದೆ ಅಂತ ಗೊತ್ತು. ಇದು ಚಾಚೂ ತಪ್ಪದ ನಿಯಮ ಅಲ್ಲ. ಮಾಡೆಲ್ ಬಾಯಿಪಾಠ ಮಾಡದಂತೆ ಹಿಡಿದಿಡುವ ರೆಗ್ಯುಲರೈಸೇಶನ್ ತೀರಾ ಬಿಗಿಯಾಗಿದ್ದರೆ ಸ್ವಲ್ಪ ಆಚೀಚೆ ಆಗಬಹುದು. ಆದರೂ ದಿನನಿತ್ಯದ ಕೆಲಸಕ್ಕೆ ಇದಕ್ಕಿಂತ ಉಪಯೋಗದ ಸಂಗತಿ ಈ ಗ್ರಾಫಿನಲ್ಲಿ ಬೇರೆ ಇಲ್ಲ.

## ಸರಿ, ಉದಾಹರಣೆ ತೋರಿಸಿ.

ಗ್ರಾಹಕರು ಬರೆದ ದೂರುಗಳನ್ನು ಓದಿ, ಯಾವ ವಿಭಾಗಕ್ಕೆ ಕಳಿಸಬೇಕು ಅಂತ ಹೇಳುವ ಮಾಡೆಲ್ ಅಂದುಕೊಳ್ಳಿ. ಲೇಬಲ್ ಹಾಕಿದ ಸಂದೇಶಗಳು 10,000 ಇವೆ. ಐದು ಫೋಲ್ಡ್ ಕ್ರಾಸ್ ವ್ಯಾಲಿಡೇಶನ್ ಮಾಡಿದರೆ ಒಂದು ಸಲಕ್ಕೆ ತರಬೇತಿಗೆ ಸಿಗುವುದು ಹೆಚ್ಚೆಂದರೆ 8,000. ಮಾಡೆಲ್ ಅಂದರೆ ಬಿಡಿ ಪದಗಳ ಟಿಎಫ್-ಐಡಿಎಫ್ ಮೇಲೆ ಲಾಜಿಸ್ಟಿಕ್ ರಿಗ್ರೆಶನ್. ಕೆಲಸಕ್ಕೆ ಬರಬೇಕಾದರೆ ಎರರ್ 12% ಮುಟ್ಟಬೇಕು. ಈ ಗುರಿಯನ್ನು ಗ್ರಾಫ್ ಹಾಕುವ ಮೊದಲೇ ಬರೆದಿಟ್ಟುಕೊಳ್ಳಿ, ಗುರಿ ಇಲ್ಲದೆ ಕರ್ವ್ ನೋಡಿದರೆ ಅದು ಬರೀ ಚಿತ್ರ.

| ಉದಾಹರಣೆಗಳು | ಟ್ರೇನಿಂಗ್ ಎರರ್ % | ವ್ಯಾಲಿಡೇಶನ್ ಎರರ್ % |
|---|---|---|
| 500 | 2.0 | 28.0 |
| 1000 | 5.0 | 23.9 |
| 2000 | 8.0 | 21.0 |
| 4000 | 10.5 | 19.0 |
| 8000 | 12.2 | 17.5 |

## ವ್ಯಾಲಿಡೇಶನ್ ಎರರ್ ಇನ್ನೂ ಇಳಿಯುತ್ತಿದೆ. ಅಂದಮೇಲೆ ಡೇಟಾ ತರುವುದೇ ಸರಿ ಅಲ್ವಾ?

ಇಲ್ಲೇ ಜನ ಎಡವುವುದು. ಇಳಿಯುತ್ತಿದೆ ನಿಜ, ಆದರೆ ಎಲ್ಲಿಯವರೆಗೆ ಇಳಿಯಬಲ್ಲದು? ಪಕ್ಕದ ಸಾಲು ನೋಡಿ. 8000ಕ್ಕೆ ಟ್ರೇನಿಂಗ್ ಎರರ್ 12.2 ಆಗಿಬಿಟ್ಟಿದೆ, ಇನ್ನೂ ಏರುತ್ತಿದೆ. ತಾನು ಕಣ್ಣಾರೆ ನೋಡಿದ, ಉತ್ತರ ಸಮೇತ ಕೊಟ್ಟ ಸಂದೇಶಗಳಲ್ಲೇ ಮಾಡೆಲ್ 12.2% ತಪ್ಪು ಮಾಡುತ್ತಿದೆ. ನೋಡಿರದ ಸಂದೇಶಗಳಲ್ಲಿ 12% ಮುಟ್ಟೀತು ಅನ್ನುವ ಆಸೆ ಇಟ್ಟುಕೊಳ್ಳುವಂತಿಲ್ಲ. ಮಿತಿ ಎರಡು ಗೆರೆಗಳ ನಡುವೆ, ಅಂದರೆ 12.2 ಮತ್ತು 17.5ರ ನಡುವೆ ಇದೆ. ಗುರಿ ಅದಕ್ಕಿಂತ ಕೆಳಗಿದೆ.

ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ ಇದು: ಟ್ರೇನಿಂಗ್ ಎರರ್ ಗುರಿಗಿಂತ ಮೇಲಿದೆಯಾ? ಮೇಲಿದ್ದರೆ ಈ ಮಾಡೆಲ್ಲಿಗೆ ಡೇಟಾ ತರುವುದು ಹಣ ದಂಡ. ಕೆಳಗಿದ್ದರೆ ಮಾತ್ರ ಮುಂದಿನ ಲೆಕ್ಕ.

ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎರಡು ಗೆರೆಗಳ ಅಂತರ ನೋಡಿ ಅನ್ನುತ್ತಾರೆ: ಅಂತರ ಕಡಿಮೆ ಇದ್ದು ಎರಡೂ ಮೇಲಿದ್ದರೆ ಹೈ ಬಯಾಸ್, ಅಂತರ ದೊಡ್ಡದಿದ್ದರೆ ಹೈ ವೇರಿಯನ್ಸ್. ತಪ್ಪಲ್ಲ, ಆದರೆ ನಮ್ಮ ಉದಾಹರಣೆಯಲ್ಲಿ ಅಂತರ 5.3. ಇದು ದೊಡ್ಡದಾ ಚಿಕ್ಕದಾ? ಯಾರಿಗೂ ಹೇಳಲು ಆಗುವುದಿಲ್ಲ. ಗುರಿ ಎಲ್ಲಿದೆ ಅಂತ ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

## ಮಿತಿ ನಡುವೆ ಎಲ್ಲೋ ಇದೆ ಅಂದಿರಿ. ಇನ್ನೂ ನಿಖರವಾಗಿ ಹೇಳಲು ಆಗುವುದಿಲ್ವಾ?

ಆಗುತ್ತದೆ, ಕೈಯಲ್ಲೇ ಮಾಡಬಹುದು. ಪ್ರತಿ ಇಮ್ಮಡಿಗೆ ಎರರ್ ಎಷ್ಟು ಇಳಿಯಿತು ಅಂತ ಬರೆಯಿರಿ: 4.1, 2.9, 2.0, 1.5. ಪ್ರತಿ ಇಳಿಕೆ ಹಿಂದಿನದರ ಸುಮಾರು 0.7 ಪಾಲು ಇದೆ. ಇದು ಕಾಕತಾಳೀಯ ಅಲ್ಲ. ವ್ಯಾಲಿಡೇಶನ್ ಎರರ್ ಬಹಳಷ್ಟು ಸಲ ಈ ಸೂತ್ರದ ಹಾದಿ ಹಿಡಿಯುತ್ತದೆ:

```
err(n) = a + b * n**(-c)
```

ಇದರಲ್ಲಿ `a` ಅನ್ನುವುದೇ ನಾವು ಹುಡುಕುತ್ತಿರುವ ಮಿತಿ. ಈ ಆಕಾರದಲ್ಲಿ n ಇಮ್ಮಡಿಯಾದಾಗಲೆಲ್ಲ ಇಳಿಕೆ ಒಂದೇ ಅನುಪಾತದಲ್ಲಿ ಕುಗ್ಗುತ್ತದೆ. ಅನುಪಾತಕ್ಕೆ r ಅನ್ನೋಣ. ಆಗ ಇನ್ನು ಮುಂದೆ ಉಳಿದಿರುವ ಒಟ್ಟು ಇಳಿಕೆ ಹೀಗೆ:

```
remaining = last_drop * r / (1 - r)
          = 1.5 * 0.7 / 0.3 = 3.5
```

17.5ರಲ್ಲಿ 3.5 ಕಳೆದರೆ 14.0. ಇದು ಈ ಮಾಡೆಲ್ಲಿನ ಮಿತಿ, ಅಂದಾಜಿಗೆ. 16,000ಕ್ಕೆ ಸುಮಾರು 16.4, 32,000ಕ್ಕೆ 15.7 ಆಗುತ್ತದೆ. ಡೇಟಾ ನಾಲ್ಕು ಪಟ್ಟು ಮಾಡಿದರೂ ಸಿಗುವುದು ಎರಡು ಅಂಶಕ್ಕಿಂತ ಕಮ್ಮಿ. `scipy.optimize.curve_fit` ಬಳಸಿ ಸೂತ್ರವನ್ನೇ ಹೊಂದಿಸಬಹುದು, ಆದರೆ ಐದು ಬಿಂದುಗಳಿಗೆ ಮೂರು ಅಂಕಿ ಹೊಂದಿಸುವಾಗ ಅದು ಕೊಡುವ ಉತ್ತರ ಈ ಕೈಲೆಕ್ಕಕ್ಕಿಂತ ಬಹಳ ನಂಬಿಕೆಯದ್ದೇನಲ್ಲ.

## ಆ 14.0 ಅನ್ನು ಎಷ್ಟು ನಂಬಬಹುದು?

ಹುಷಾರಾಗಿ. r ಅನ್ನು 0.65 ಮಾಡಿ ನೋಡಿ, ಮಿತಿ 14.7 ಬರುತ್ತದೆ. 0.75 ಮಾಡಿದರೆ 13.0. 0.8 ಮಾಡಿದರೆ 11.5, ಅಂದರೆ ಗುರಿಯ ಕೆಳಗೇ ಹೋಯಿತು! r ಸ್ವಲ್ಪ ಅಲುಗಾಡಿದರೆ ಅನಂತದಲ್ಲಿರುವ ಉತ್ತರ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಅದೇ ಮುಂದಿನ ಒಂದು ಇಮ್ಮಡಿಯ ಅಂದಾಜು ನೋಡಿ: r 0.65 ಆದರೆ 16.5, 0.8 ಆದರೆ 16.3. ಏನೂ ವ್ಯತ್ಯಾಸ ಇಲ್ಲ. ಹಾಗಾಗಿ ನನ್ನ ರೂಢಿ ಇಷ್ಟು: ಒಂದು ಇಮ್ಮಡಿಯ ಮುನ್ನೋಟ ನಂಬುತ್ತೇನೆ, ಎರಡರದ್ದನ್ನು ಅನುಮಾನದಿಂದ ನೋಡುತ್ತೇನೆ, ಮಿತಿಯನ್ನು ಬರೀ ದಿಕ್ಕು ತೋರಿಸಲು ಬಳಸುತ್ತೇನೆ. ಇಲ್ಲಿ ಮಿತಿಯ ಅಂದಾಜೂ ಟ್ರೇನಿಂಗ್ ಎರರೂ ಒಂದೇ ಕಡೆ ಬೆರಳು ಮಾಡುತ್ತಿವೆ, ಅದಕ್ಕೇ ನಿರ್ಧಾರ ಗಟ್ಟಿ.

ಅಳತೆಯ ಅಲುಗಾಟವನ್ನೂ ಮರೆಯಬೇಡಿ. ಒಂದು ಫೋಲ್ಡಿನಲ್ಲಿ 2000 ಸಂದೇಶ ಇದ್ದು ಎರರ್ 17.5% ಇದ್ದರೆ, ಬರೀ ಅದೃಷ್ಟದಿಂದ ಆಗುವ ಸ್ಟಾಂಡರ್ಡ್ ಎರರ್ ಸುಮಾರು 0.85 ಅಂಶ. ಐದೂ ಫೋಲ್ಡ್ ಸೇರಿಸಿದರೆ 0.4ರ ಹತ್ತಿರ ಬರುತ್ತದೆ. ಕೊನೆಯ ಇಳಿಕೆ 1.5 ಅಂದಾಗ ಅದು ನಿಜವಾದ ಇಳಿಕೆ ಅನ್ನಬಹುದು. 0.3 ಇಳಿದಿದ್ದರೆ ಸುಮ್ನೆ ತಲೆ ಕೆಡಿಸಿಕೊಳ್ಳುವುದು ಬೇಡ, ಅದು ಇಳಿದಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಎಡಗಡೆಯ ಚಿಕ್ಕ ಬಿಂದುಗಳದ್ದು ಬೇರೆ ತೊಂದರೆ: ಯಾವ 500 ಸಂದೇಶ ಸಿಕ್ಕಿತು ಅನ್ನುವುದರ ಮೇಲೇ ಎರರ್ ಬದಲಾಗುತ್ತದೆ. ಅಲ್ಲಿ ಬೇರೆ ಬೇರೆ ಸೀಡ್ ಇಟ್ಟು ಕೆಲವು ಸಲ ಓಡಿಸಿ ಸರಾಸರಿ ತೆಗೆಯಿರಿ. ಚಿಕ್ಕ ಡೇಟಾ ತಾನೇ, ಬೇಗ ಮುಗಿಯುತ್ತದೆ.

## ದೊಡ್ಡ ಮಾಡೆಲ್ ಹಾಕಿ ನೋಡಿದೆ, ಎರರ್ ಜಾಸ್ತಿಯಾಯಿತು. ಅಂದರೆ ಅದು ಬೇಡ ಅಂತಲಾ?

ಎಷ್ಟು ಡೇಟಾದ ಮೇಲೆ ನೋಡಿದಿರಿ ಅನ್ನುವುದು ಮುಖ್ಯ. ನಮ್ಮ ಉದಾಹರಣೆಯಲ್ಲೇ, ಬಿಡಿ ಪದಗಳ ಜೊತೆ ಎರಡು-ಮೂರು ಪದಗಳ ಜೋಡಣೆ ಮತ್ತು ಅಕ್ಷರಗಳ ಗುಂಪುಗಳನ್ನೂ ಫೀಚರ್ ಮಾಡೋಣ, ರೆಗ್ಯುಲರೈಸೇಶನ್ ಸಡಿಲ ಬಿಡೋಣ. ಫೀಚರ್ ಸಂಖ್ಯೆ ಹಲವು ಪಟ್ಟು ಆಗುತ್ತದೆ. ಇದನ್ನು ದೊಡ್ಡ ಮಾಡೆಲ್ ಅನ್ನೋಣ, ಮೊದಲಿನದು ಚಿಕ್ಕದು.

| ಉದಾಹರಣೆಗಳು | ಚಿಕ್ಕದು, ವ್ಯಾಲಿಡೇಶನ್ % | ದೊಡ್ಡದು, ವ್ಯಾಲಿಡೇಶನ್ % |
|---|---|---|
| 500 | 28.0 | 31.8 |
| 1000 | 23.9 | 26.1 |
| 2000 | 21.0 | 21.8 |
| 4000 | 19.0 | 18.6 |
| 8000 | 17.5 | 16.2 |

2000ದಲ್ಲಿ ನಿಂತು ನೋಡಿದವರಿಗೆ ಚಿಕ್ಕದೇ ಮೇಲು. 4000ಕ್ಕೆ ಗೆರೆಗಳು ದಾಟಿವೆ. ಚಿಕ್ಕ ಮಾಡೆಲ್ ಬೇಗ ತನ್ನ ಮಿತಿ ಮುಟ್ಟುತ್ತದೆ, ದೊಡ್ಡದು ನಿಧಾನಕ್ಕೆ ಹೊರಟು ಕೆಳಗಿನ ಮಿತಿಯ ಕಡೆಗೆ ಹೋಗುತ್ತದೆ. ಇದು ಹಳೆಯ ಸಂಗತಿಯೇ. ನೇಯ್ವ್ ಬೇಯ್ಸ್ ಮತ್ತು ಲಾಜಿಸ್ಟಿಕ್ ರಿಗ್ರೆಶನ್ ಹೋಲಿಸಿ ಆಂಡ್ರ್ಯೂ ಎಂಗ್ ಮತ್ತು ಮೈಕಲ್ ಜೋರ್ಡನ್ 2001ರಲ್ಲಿ ತೋರಿಸಿದ್ದೂ ಇಂಥದ್ದನ್ನೇ: ಮೊದಲನೆಯದು ಕಡಿಮೆ ಡೇಟಾದಲ್ಲೇ ತನ್ನ ಮಿತಿ ಮುಟ್ಟುತ್ತದೆ, ಎರಡನೆಯದರ ಮಿತಿ ಅದಕ್ಕಿಂತ ಕೆಳಗಿರುತ್ತದೆ.

ದೊಡ್ಡ ಮಾಡೆಲ್ಲಿನ ಟ್ರೇನಿಂಗ್ ಎರರ್ 8000ದಲ್ಲಿ 2% ಅಂದುಕೊಳ್ಳಿ. ಗುರಿ 12ಕ್ಕಿಂತ ಎಷ್ಟೋ ಕೆಳಗೆ. ಇಳಿಕೆಗಳು 5.7, 4.3, 3.2, 2.4, ಅನುಪಾತ 0.75. ಉಳಿದಿರುವ ಇಳಿಕೆ 7.2, ಮಿತಿ 9.0ರ ಆಸುಪಾಸು. ಈಗ ಗುರಿ ಮಿತಿಯ ಮೇಲಿದೆ. ಅಂದರೆ ಅದೇ ಡೇಟಾ ಇಟ್ಟುಕೊಂಡು, ಚಿಕ್ಕ ಮಾಡೆಲ್ ಕೇಳಿದರೆ "ಡೇಟಾ ತಂದು ಪ್ರಯೋಜನ ಇಲ್ಲ" ಅನ್ನುತ್ತದೆ, ದೊಡ್ಡ ಮಾಡೆಲ್ ಕೇಳಿದರೆ "ತನ್ನಿ" ಅನ್ನುತ್ತದೆ. ಡೇಟಾ ಸಾಕಾ ಅನ್ನುವ ಪ್ರಶ್ನೆಗೆ ಮಾಡೆಲ್ ಯಾವುದು ಅಂತ ಹೇಳದೆ ಉತ್ತರವೇ ಇಲ್ಲ. ಅದಕ್ಕೇ ಕೆಲಸದ ಕ್ರಮ ಕೂಡ ಇದೇ ಆಗಬೇಕು: ಮೊದಲು ಮಾಡೆಲ್ ಬದಲಾಯಿಸಿ ನೋಡಿ, ಕರ್ವ್ ಮತ್ತೆ ಹಾಕಿ, ಆಮೇಲೆ ಡೇಟಾದ ಮಾತು. ಮಾಡೆಲ್ ಬದಲಾಯಿಸಲು ಒಂದು ಮಧ್ಯಾಹ್ನ ಸಾಕು, ಲೇಬಲ್ ಹಾಕಿಸಲು ತಿಂಗಳುಗಳು ಹೋಗುತ್ತವೆ.

## ಈಗ ಅಂತರ 14 ಅಂಶ ಇದೆ. ಹೈ ವೇರಿಯನ್ಸ್. ಡೇಟಾ ತರಲು ಹೊರಡಲಾ?

ಒಂದು ನಿಮಿಷ ತಾಳಿ. ಅಂತರ ದೊಡ್ಡದಿದ್ದರೆ ಡೇಟಾ ಒಂದೇ ಔಷಧಿ ಅಲ್ಲ. ರೆಗ್ಯುಲರೈಸೇಶನ್ ಬಿಗಿ ಮಾಡುವುದಕ್ಕೆ ಒಂದು ಪೈಸೆ ಖರ್ಚಿಲ್ಲ, ಅದನ್ನು ಬಿಟ್ಟು ಲೇಬಲ್ ಹಾಕಿಸಲು ಓಡುವವರನ್ನು ನೋಡಿದರೆ ನನಗೆ ಅರ್ಥವೇ ಆಗುವುದಿಲ್ಲ.

ದೊಡ್ಡ ಮಾಡೆಲ್ಲಿನಲ್ಲಿ `C` ಮೌಲ್ಯ ಇಳಿಸಿ (ಸೈಕಿಟ್-ಲರ್ನ್‌ನಲ್ಲಿ `C` ಕಡಿಮೆ ಆದಷ್ಟೂ ಬಿಗಿ) ಪ್ರತಿ ಗಾತ್ರಕ್ಕೂ ಸರಿಯಾದ ಮೌಲ್ಯ ಹುಡುಕಿದೆವು ಅಂದುಕೊಳ್ಳಿ. ವ್ಯಾಲಿಡೇಶನ್ ಎರರ್ ಈಗ 28.6, 24.0, 20.4, 17.6, 15.4. ಟ್ರೇನಿಂಗ್ ಎರರ್ 2ರಿಂದ 5ಕ್ಕೆ ಏರಿತು, ಏರಲಿ ಬಿಡಿ. ಇಳಿಕೆಗಳು 4.6, 3.6, 2.8, 2.2, ಅನುಪಾತ ಸುಮಾರು 0.78. ಮುಂದಕ್ಕೆ ಲೆಕ್ಕ ಹಾಕಿದರೆ 16,000ಕ್ಕೆ 13.7, 32,000ಕ್ಕೆ 12.3, 64,000ಕ್ಕೆ 11.3. ಗುರಿ 12 ಸಿಗುವುದು ಸುಮಾರು 40,000ದ ಹತ್ತಿರ. ಬಿಗಿ ಮಾಡದೆ ಬಿಟ್ಟಿದ್ದರೆ ಅದೇ 12 ಮುಟ್ಟಲು 64,000 ಬೇಕಾಗುತ್ತಿತ್ತು. ಒಂದು ಅಂಕಿ ಬದಲಾಯಿಸಿದ್ದಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಬಲ್ ಉಳಿಯಿತು.

ಪ್ರತಿ ಗಾತ್ರಕ್ಕೂ ಅಂದೆ, ಅದನ್ನು ಗಮನಿಸಿ. 500 ಉದಾಹರಣೆಗೆ ಒಗ್ಗುವ ಬಿಗಿ 8000ಕ್ಕೆ ಒಗ್ಗುವುದಿಲ್ಲ, ಡೇಟಾ ಹೆಚ್ಚಿದಂತೆ ಸಾಮಾನ್ಯವಾಗಿ ಸಡಿಲ ಬಿಡಬಹುದು. ಒಂದೇ ಮೌಲ್ಯ ಇಟ್ಟು ಪೂರ್ತಿ ಕರ್ವ್ ಎಳೆದರೆ ಒಂದು ತುದಿಯಲ್ಲಿ ಮಾಡೆಲ್ ಸುಮ್ಮನೆ ಕೆಟ್ಟದಾಗಿ ಕಾಣುತ್ತದೆ, ಇಳಿಜಾರು ಸುಳ್ಳಾಗುತ್ತದೆ. `LogisticRegression` ಅನ್ನು `GridSearchCV` ಒಳಗಿಟ್ಟು, ಆ ಇಡೀ ವಸ್ತುವನ್ನೇ ಕರ್ವ್ ಹಾಕುವ ಫಂಕ್ಷನ್ನಿಗೆ ಕೊಟ್ಟರೆ ಪ್ರತಿ ಗಾತ್ರದಲ್ಲೂ ಹುಡುಕಾಟ ತಾನಾಗಿ ನಡೆಯುತ್ತದೆ.

## ಎರಡು ಗೆರೆಗಳೂ ಮೇಲೆಯೇ ಚಪ್ಪಟೆಯಾಗಿ ಕೂತಿವೆ, ದೊಡ್ಡ ಮಾಡೆಲ್ ಹಾಕಿದರೂ ವ್ಯಾಲಿಡೇಶನ್ ಅಲ್ಲಾಡುತ್ತಿಲ್ಲ. ಈಗೇನು?

ಆಗ ತೊಂದರೆ ಡೇಟಾದ ಗಾತ್ರದಲ್ಲೂ ಇಲ್ಲ, ಮಾಡೆಲ್ಲಿನಲ್ಲೂ ಇಲ್ಲ. ಸಾಮಾನ್ಯವಾಗಿ ಎರಡರಲ್ಲಿ ಒಂದು: ಲೇಬಲ್‌ಗಳೇ ತಪ್ಪಿವೆ, ಇಲ್ಲವೇ ಉತ್ತರ ಹೇಳಲು ಬೇಕಾದ ಮಾಹಿತಿ ಇನ್‌ಪುಟ್‌ನಲ್ಲೇ ಇಲ್ಲ. "ಇನ್ನೂ ಆಗಿಲ್ಲ, ಬೇಗ ಮಾಡಿ" ಅಂತ ಮಾತ್ರ ಬರೆದ ದೂರನ್ನು ಯಾವ ವಿಭಾಗಕ್ಕೆ ಕಳಿಸುವುದು? ಹಿಂದಿನ ಸಂದೇಶ ನೋಡದೆ ಮನುಷ್ಯರಿಗೂ ಗೊತ್ತಾಗುವುದಿಲ್ಲ.

ಪರೀಕ್ಷೆ ಸುಲಭ. ಕೆಲವು ನೂರು ಸಂದೇಶಗಳಿಗೆ ಇಬ್ಬರ ಕೈಲಿ ಬೇರೆ ಬೇರೆಯಾಗಿ ಲೇಬಲ್ ಹಾಕಿಸಿ, ಎಷ್ಟರಲ್ಲಿ ಜಗಳ ಇದೆ ನೋಡಿ. 8% ಸಂದೇಶಗಳಲ್ಲಿ ಇಬ್ಬರೂ ಬೇರೆ ಬೇರೆ ಹೇಳಿದರೆ ಎರರ್ 8%ಕ್ಕಿಂತ ಕೆಳಗೆ ಬರುವುದೇ ಇಲ್ಲ ಅಂತ ಅರ್ಥ ಅಲ್ಲ. ಇಬ್ಬರೂ ಸಮಸಮ ತಪ್ಪುತ್ತಾರೆ, ಬೇರೆ ಬೇರೆ ಕಡೆ ತಪ್ಪುತ್ತಾರೆ ಅಂದುಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಅರ್ಧ, ಅಂದರೆ 4% ಹತ್ತಿರ. ಆಮೇಲೆ ಮಾಡೆಲ್ ತಪ್ಪು ಮಾಡಿದ ನೂರು ಸಂದೇಶಗಳನ್ನು ಕೂತು ಓದಿ. ಅರ್ಧಕ್ಕರ್ಧ ಲೇಬಲ್ಲೇ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿ. ಮಾಹಿತಿ ಇಲ್ಲದಿದ್ದರೆ ಹಿಂದಿನ ಸಂದೇಶವನ್ನೋ ಗ್ರಾಹಕರ ಯೋಜನೆಯ ವಿವರವನ್ನೋ ಹೊಸ ಫೀಚರ್ ಆಗಿ ಸೇರಿಸಿ. ಅದೇ ಥರದ ಇನ್ನೂ ಹತ್ತು ಸಾವಿರ ಅರ್ಧಂಬರ್ಧ ಸಂದೇಶ ತಂದರೆ ಏನೂ ಆಗುವುದಿಲ್ಲ.

## ಕೋಡ್ ಕೊಡಿ. ಮತ್ತೆ ಎಲ್ಲಿ ಕೆಡುತ್ತದೆ ಅಂತಲೂ ಹೇಳಿ.

```python
from sklearn.model_selection import learning_curve, StratifiedKFold
from sklearn.pipeline import make_pipeline
from sklearn.feature_extraction.text import TfidfVectorizer
from sklearn.linear_model import LogisticRegression

model = make_pipeline(TfidfVectorizer(),
                      LogisticRegression(max_iter=1000))
cv = StratifiedKFold(n_splits=5, shuffle=True, random_state=7)

sizes, tr, va = learning_curve(
    model, texts, labels,
    train_sizes=[500, 1000, 2000, 4000, 8000],
    cv=cv, scoring="accuracy",
    shuffle=True, random_state=7)

print(100 * (1 - tr.mean(axis=1)))
print(100 * (1 - va.mean(axis=1)))
```

`shuffle=True` ಎರಡು ಕಡೆ ಇದೆ, ಅದು ಕೈತಪ್ಪಿ ಬಂದದ್ದಲ್ಲ. ಮೊದಲನೆಯದು ಯಾವ ಸಂದೇಶ ಯಾವ ಫೋಲ್ಡಿಗೆ ಹೋಗಬೇಕು ಅಂತ ಕಲಸುತ್ತದೆ, ಆದರೆ ತರಬೇತಿಯ ಪಾಲನ್ನು ಮೂಲ ಕ್ರಮದಲ್ಲೇ ಕೊಡುತ್ತದೆ. `learning_curve` ಅದರ ಮೊದಲ 500 ತೆಗೆದುಕೊಳ್ಳುತ್ತದೆ. ನಿಮ್ಮ ಫೈಲ್ ವಿಭಾಗವಾರು ಜೋಡಿಸಿದ್ದರೆ ಆ 500ರಲ್ಲಿ ಒಂದೇ ವಿಭಾಗ ಇರಬಹುದು, ಆಗ ಫಿಟ್ ಸೋತು, ಒಂದು ಎಚ್ಚರಿಕೆಯ ಜೊತೆ ಆ ಗಾತ್ರಕ್ಕೆ `nan` ಬರುತ್ತದೆ. ದಿನಾಂಕವಾರು ಇದ್ದರೆ ಇನ್ನೂ ಕೆಟ್ಟದು: ಏನೂ ದೂರು ಹೇಳದೆ ತಪ್ಪು ಕರ್ವ್ ಕೊಡುತ್ತದೆ. ಎರಡನೆಯ `shuffle=True` ಅದಕ್ಕೇ ಇರುವುದು, ಡೀಫಾಲ್ಟ್ ಆಗಿ ಅದು `False`.

ಇನ್ನೊಂದು ವಿಷಯ, ಟಿಎಫ್-ಐಡಿಎಫ್ ಪೈಪ್‌ಲೈನ್ ಒಳಗೇ ಇರಬೇಕು. ಹೊರಗೆ ಒಂದೇ ಸಲ ಎಲ್ಲ 10,000 ಸಂದೇಶಗಳ ಮೇಲೆ ಫಿಟ್ ಮಾಡಿಟ್ಟುಕೊಂಡರೆ, 500 ಉದಾಹರಣೆಯ ಮಾಡೆಲ್ಲಿಗೂ 10,000 ಸಂದೇಶಗಳ ಪದಕೋಶ ಮತ್ತು ತೂಕ ಸಿಕ್ಕಿಬಿಡುತ್ತದೆ. ಆಗ ಎಡಗಡೆ ಎರರ್ ಇರಬೇಕಾದದ್ದಕ್ಕಿಂತ ಕಡಿಮೆ ಕಾಣಬಹುದು, ಕರ್ವ್ ಚಪ್ಪಟೆಯಾಗುತ್ತದೆ, ಡೇಟಾದಿಂದ ಲಾಭ ಇಲ್ಲ ಅನ್ನುವ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಹಾಗೇ, `train_sizes`ಗೆ 0.1, 0.5 ಥರದ ಭಾಗ ಕೊಟ್ಟರೆ ಅದು 10,000ದ ಭಾಗ ಅಲ್ಲ, ಫೋಲ್ಡ್ ತೆಗೆದು ಉಳಿದ 8,000ದ ಭಾಗ.

## ಒಬ್ಬರೇ ಗ್ರಾಹಕರು ಹಲವು ದೂರು ಬರೆದಿದ್ದಾರೆ. ಅದರಿಂದ ತೊಂದರೆ ಇದೆಯಾ?

ಬಹಳ ಇದೆ. ಒಬ್ಬರೇ ಒಂದೇ ದೂರನ್ನು ನಾಲ್ಕು ಸಲ ಕಳಿಸಿ, ಅದರಲ್ಲಿ ಮೂರು ತರಬೇತಿಗೆ, ಒಂದು ವ್ಯಾಲಿಡೇಶನ್‌ಗೆ ಹೋದರೆ, ಮಾಡೆಲ್ ಕಲಿಯುವುದೇ ಬೇಡ, ನೆನಪಿಟ್ಟುಕೊಂಡರೆ ಸಾಕು. ಡೇಟಾ ಹೆಚ್ಚಿದಷ್ಟೂ ಇಂಥ ಜೋಡಿಗಳು ಸಿಗುವ ಸಂಭವ ಹೆಚ್ಚು. ಹಾಗಾಗಿ ವ್ಯಾಲಿಡೇಶನ್ ಎರರ್ ಚಂದವಾಗಿ ಇಳಿಯುತ್ತಾ ಹೋಗುತ್ತದೆ, ಡೇಟಾ ತನ್ನಿ ತನ್ನಿ ಅನ್ನುತ್ತದೆ. ಹೊಸ ಗ್ರಾಹಕರ ಮೇಲೆ ಓಡಿಸಿದಾಗ ಆ ಇಳಿಕೆ ಎಲ್ಲೂ ಕಾಣುವುದಿಲ್ಲ. `StratifiedGroupKFold` ಬಳಸಿ, ಗ್ರಾಹಕರ ಐಡಿಯನ್ನು `groups` ಆಗಿ ಕೊಡಿ. ಆಗ ಒಬ್ಬರ ಎಲ್ಲ ಸಂದೇಶಗಳೂ ಒಂದೇ ಕಡೆ ಇರುತ್ತವೆ.

## ನ್ಯೂರಲ್ ನೆಟ್‌ವರ್ಕಿಗೂ ಇದೇ ಲೆಕ್ಕ ನಡೆಯುತ್ತದಾ?

ಅರ್ಧ ನಡೆಯುತ್ತದೆ. ವ್ಯಾಲಿಡೇಶನ್ ಎರರ್ ಇಮ್ಮಡಿಗೆ ಇಷ್ಟು ಅಂತ ಇಳಿಯುವ ಆಕಾರ ಅಲ್ಲೂ ಕಾಣುತ್ತದೆ, ದೊಡ್ಡ ದೊಡ್ಡ ಡೇಟಾ ಮೇಲೂ ಕಾಣುತ್ತದೆ. ಆದರೆ ಎರಡು ಗೆರೆಗಳ ನಡುವೆ ಮಿತಿ ಸಿಕ್ಕಿಕೊಂಡಿದೆ ಅನ್ನುವ ಮಾತು ಅಲ್ಲಿ ಕೈಕೊಡುತ್ತದೆ. ದೊಡ್ಡ ನೆಟ್‌ವರ್ಕ್ ಎಲ್ಲ ಗಾತ್ರದಲ್ಲೂ ಟ್ರೇನಿಂಗ್ ಎರರ್ ಸೊನ್ನೆಗೆ ತರಬಲ್ಲದು, ಕೆಳಗಿನ ಗೆರೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅಂತರ ದೊಡ್ಡದಿದೆ, ಹಾಗಾಗಿ ನೆಟ್‌ವರ್ಕ್ ಚಿಕ್ಕದು ಮಾಡೋಣ ಅನ್ನುವುದೂ ಅಲ್ಲಿ ಯಾವಾಗಲೂ ಸರಿಯಲ್ಲ: ಟ್ರೇನಿಂಗ್ ಎರರ್ ಸೊನ್ನೆ ಆದಮೇಲೂ ನೆಟ್‌ವರ್ಕ್ ದೊಡ್ಡದು ಮಾಡಿದರೆ ವ್ಯಾಲಿಡೇಶನ್ ಎರರ್ ಇನ್ನೂ ಇಳಿಯುವುದನ್ನು ಹಲವರು ಕಂಡಿದ್ದಾರೆ. ಡಬಲ್ ಡಿಸೆಂಟ್ ಅನ್ನುವುದು ಇದಕ್ಕೇ. ಅಲ್ಲಿ ಎರಡು ಮೂರು ಗಾತ್ರದ ನೆಟ್‌ವರ್ಕುಗಳ ವ್ಯಾಲಿಡೇಶನ್ ಗೆರೆಗಳನ್ನು ಪಕ್ಕಪಕ್ಕ ಹಾಕಿ, ಇಳಿಕೆಗಳ ಲೆಕ್ಕ ಮಾತ್ರ ಮಾಡಿ.

ಪ್ರತಿ ಗಾತ್ರಕ್ಕೂ ಹೊಸದಾಗಿ ತರಬೇತಿ ಮಾಡಬೇಕು, ಹಿಂದಿನ ಗಾತ್ರದ ತೂಕಗಳಿಂದ ಮುಂದುವರಿಸಬಾರದು. ಇಪಾಕ್ ಸಂಖ್ಯೆ ಒಂದೇ ಇಟ್ಟರೆ ಚಿಕ್ಕ ಡೇಟಾಗೆ ಸಿಗುವ ಹೆಜ್ಜೆಗಳೂ ಕಡಿಮೆ ಆಗುತ್ತವೆ, ಅದು ಡೇಟಾ ಕೊರತೆಯೋ ತರಬೇತಿ ಕೊರತೆಯೋ ಗೊತ್ತಾಗುವುದಿಲ್ಲ. ವ್ಯಾಲಿಡೇಶನ್ ಲಾಸ್ ನಿಂತಾಗ ನಿಲ್ಲಿಸುವ ಕ್ರಮ ಇಟ್ಟುಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

## ಟ್ರೇನಿಂಗ್ ಎರರೇ ವ್ಯಾಲಿಡೇಶನ್‌ಗಿಂತ ಜಾಸ್ತಿ ಇದೆ. ಇದು ಹೇಗೆ ಸಾಧ್ಯ?

ಡ್ರಾಪ್‌ಔಟ್ ಅಥವಾ ಆಗ್ಮೆಂಟೇಶನ್ ಇದ್ದರೆ ಸಾಧ್ಯ, ಅವು ತರಬೇತಿಯಲ್ಲಿ ಮಾತ್ರ ಕೆಲಸವನ್ನು ಕಷ್ಟ ಮಾಡುತ್ತವೆ. ಅವನ್ನು ಆಫ್ ಮಾಡಿ ಟ್ರೇನಿಂಗ್ ಡೇಟಾ ಮೇಲೆ ಮತ್ತೆ ಅಳೆಯಿರಿ. ಆಮೇಲೂ ಹಾಗೇ ಇದ್ದರೆ ವ್ಯಾಲಿಡೇಶನ್ ಪಾಲು ಚಿಕ್ಕದಿದೆ ಅಥವಾ ಸುಲಭದ ಸಂದೇಶಗಳೇ ಅಲ್ಲಿಗೆ ಹೋಗಿವೆ.

## 30,000 ಹೊಸ ಲೇಬಲ್ ಬೇಕು ಅಂತ ಲೆಕ್ಕ ಬಂತು. ಒಟ್ಟಿಗೇ ಮಾಡಿಸಲಾ?

ಬೇಡ. 40,000 ಅನ್ನುವ ಅಂಕಿ ನಮ್ಮ ಕರ್ವ್ ಮುಗಿಯುವ 8,000ಕ್ಕಿಂತ ಎರಡು ಇಮ್ಮಡಿಗೂ ಆಚೆ ಇದೆ, ಅಷ್ಟು ದೂರದ ಮುನ್ನೋಟಕ್ಕೆ ದುಡ್ಡು ಕಟ್ಟುವಂತಿಲ್ಲ. ಒಂದು ಇಮ್ಮಡಿ ಮಾತ್ರ ಮಾಡಿಸಿ. ಸಂದೇಶಗಳು ಒಟ್ಟು 20,000 ಆದರೆ ತರಬೇತಿಗೆ 16,000 ಸಿಗುತ್ತದೆ. ಅಲ್ಲಿ ನಮ್ಮ ಮುನ್ನೋಟ 13.7. ಲೇಬಲ್ ಕೆಲಸ ಶುರುವಾಗುವ ಮೊದಲೇ ಇದನ್ನು ಬರೆದಿಟ್ಟು ಎಲ್ಲರಿಗೂ ಕಳಿಸಿ, ಇಲ್ಲದಿದ್ದರೆ ಬಂದ ಉತ್ತರವನ್ನೇ "ನಾವು ಅಂದುಕೊಂಡದ್ದೇ" ಅಂತ ಹೇಳುವ ಚಾಳಿ ಎಲ್ಲರಿಗೂ ಇದೆ.

13.4ರಿಂದ 14.0ರ ಒಳಗೆ ಬಂದರೆ ಕರ್ವ್ ಮಾತು ಉಳಿಸಿಕೊಂಡಿದೆ, ಮುಂದಿನ ಇಮ್ಮಡಿಗೆ ಹೋಗಿ. 14.5 ಅಥವಾ ಅದಕ್ಕಿಂತ ಮೇಲೆ ಬಂದರೆ ನಿಲ್ಲಿಸಿ. ಆಗ ಮೊದಲು ನೋಡಬೇಕಾದದ್ದು ಹೊಸ ಸಂದೇಶಗಳು ಹಳೆಯವುಗಳ ಥರವೇ ಇವೆಯಾ ಅಂತ. ಈ ಇಡೀ ಲೆಕ್ಕ ನಿಂತಿರುವುದು ಹೊಸ ಡೇಟಾ ಹಳೆಯ ಡೇಟಾ ಬಂದ ಕಡೆಯಿಂದಲೇ ಬರುತ್ತದೆ ಅನ್ನುವುದರ ಮೇಲೆ. ಹಳೆಯ 10,000ಕ್ಕೆ ಒಂದು ತಂಡ ಲೇಬಲ್ ಹಾಕಿ, ಹೊಸದಕ್ಕೆ ಬೇರೆ ತಂಡ ಬೇರೆ ಸೂಚನೆ ಇಟ್ಟುಕೊಂಡು ಹಾಕಿದ್ದರೆ ಕರ್ವ್ ಮುರಿಯುತ್ತದೆ. ಹಳೆಯದರ ಮೇಲೆ ಮಾತ್ರ, ಹೊಸದರ ಮೇಲೆ ಮಾತ್ರ ಬೇರೆ ಬೇರೆಯಾಗಿ 8,000ದ ಮಾಡೆಲ್ ತರಬೇತಿ ಮಾಡಿ, ಒಂದನ್ನು ಇನ್ನೊಂದರ ಮೇಲೆ ಪರೀಕ್ಷಿಸಿ. ಎರರ್ 15.4ರ ಹತ್ತಿರ ಬರದೆ 19, 20 ಬಂದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಯಿತು, ಮೂರನೆಯ ಕಂತಿನ ಲೇಬಲ್ ಆರ್ಡರ್ ಅನ್ನು ಅಲ್ಲಿಯವರೆಗೆ ತಡೆಹಿಡಿಯಿರಿ.